ದೀಪಾವಳಿ ಸೇಲೋ, ದಿವಾಳಿ ಸೇಲೋ?

ಹಬ್ಬದ ಸೀಸನ್ ಬಂತು ಅಂದ್ರೆ ಮೊಬೈಲ್‌ನಲ್ಲಿ ‘ದಿವಾಲಿ ಸೇಲ್’ ನೋಟಿಫಿಕೇಶನ್‌ಗಳ ಸುರಿಮಳೆ. ಇದನ್ನು ಕನ್ನಡ ಅಕ್ಷರದಲ್ಲಿ ಒಮ್ಮೆ ಜೋರಾಗಿ ಓದಿ ನೋಡಿ. ಹಿಂದಿಯವರಿಗೆ ಅದು ಹಬ್ಬ. ನಮ್ಮ ಕಿವಿಗೆ ಕೇಳಿಸೋದು ‘ದಿವಾಳಿ’, ಅಂದ್ರೆ ಕೈ ಖಾಲಿಯಾಗಿ ಬಾಗಿಲು ಹಾಕೋದು. ಮುಳಬಾಗಿಲು ದಾಟಿ ಆಂಧ್ರದ ಗಡಿಗೆ ಅಂಟಿಕೊಂಡಿರೋ ನಮ್ಮ ನಂಗಲಿಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ತೆಲುಗಿನಲ್ಲೂ ‘ದಿವಾಲಾ’ ಅಂದ್ರೆ ಅದೇ ಅರ್ಥ. ಅಂಥ ಬ್ಯಾನರ್ ಇಲ್ಲಿ ಕಟ್ಟಿದ್ರೆ, “ಏನಣ್ಣಾ, ಅಂಗಡಿ ಮುಚ್ತಾ ಇದಾರಾ?” ಅಂತ ಯಾರಾದ್ರೂ ಕೇಳಿದ್ರೆ ತಪ್ಪೇನಿಲ್ಲ. ಕನ್ನಡಕ್ಕೂ ತೆಲುಗಿಗೂ ಹಬ್ಬದ ಹೆಸರು ಒಂದೇ, ದೀಪಾವಳಿ.

2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಸಿಗೋಕೆ ಶುರುವಾದವು. ಆ್ಯಪ್‌ನ ‘ಕಾರ್ಟ್‌ಗೆ ಸೇರಿಸಿ’ ಥರದ ಸಾಲುಗಳಿಗೆ ನೇರ ಅನುವಾದ ಸಾಕು. ಅಲ್ಲಿ ಕೆಲಸ ಏನು ಅಂತ ತಿಳಿದರೆ ಆಯ್ತು. ಆದ್ರೆ ಟ್ಯಾಗ್‌ಲೈನ್ ಮಾಡಬೇಕಾದ್ದು ಬೇರೆ. ಅದು ಅರೆಕ್ಷಣದಲ್ಲಿ ಒಂದು ಭಾವನೆ ಹುಟ್ಟಿಸಬೇಕು. ಆ ಭಾವನೆಯನ್ನ ಇನ್ನೊಂದು ಭಾಷೆಯಲ್ಲಿ ಹೊಸದಾಗಿ ಕಟ್ಟೋದಕ್ಕೆ ಜಾಹೀರಾತಿನವರು ‘ಟ್ರಾನ್ಸ್‌ಕ್ರಿಯೇಶನ್’ ಅಂತಾರೆ.

ಒಂದು ಉದಾಹರಣೆ ತಗೊಳ್ಳೋಣ. ದೀಪ, ಮಿಕ್ಸಿ, ಗೀಸರ್ ಮಾರುವ ಒಂದು ಅಂಗಡಿ ಇದೆ ಅಂದ್ಕೊಳ್ಳಿ. ಅದರ ಇಂಗ್ಲಿಷ್ ಸಾಲು: ‘ಲೈಟ್ ಅಪ್ ಯುವರ್ ಹೋಮ್, ಲೈಟ್ ಆನ್ ಯುವರ್ ಪಾಕೆಟ್’. ಆಟ ಇರೋದು ‘ಲೈಟ್’ ಪದದಲ್ಲಿ. ಒಂದು ಕಡೆ ಬೆಳಕು, ಇನ್ನೊಂದು ಕಡೆ ಹಗುರ. ಪದಕ್ಕೆ ಪದ ಇಟ್ಟರೆ ‘ನಿಮ್ಮ ಮನೆ ಬೆಳಗಿಸಿ, ನಿಮ್ಮ ಜೇಬು ಹಗುರ’ ಅಂತಾಗುತ್ತೆ. ಶ್ಲೇಷೆ ಹೋಯ್ತು ಅನ್ನೋದು ಸಣ್ಣ ನಷ್ಟ. ದೊಡ್ಡ ನಷ್ಟ ಅಂದ್ರೆ ಅರ್ಥವೇ ಉಲ್ಟಾ ಆಗೋದು. ಕನ್ನಡದಲ್ಲಿ ಜೇಬು ಹಗುರ ಆಗೋದು ದುಡ್ಡು ಖರ್ಚಾದಾಗ! ಹಿಂದಿಯಲ್ಲೂ ಹಾಗೇ, ‘ಜೇಬ್ ಹಲ್ಕೀ’ ಆದ್ರೆ ದುಡ್ಡು ಹೋಯ್ತು ಅಂತಲೇ.

ಹಾಗಾಗಿ ಮೊದಲು ಪದಗಳನ್ನ ಬದಿಗಿಟ್ಟು, ಸಾಲು ಹೇಳ್ತಿರೋದೇನು ಅಂತ ಬರೆದುಕೊಳ್ಳಬೇಕು: ಹಬ್ಬ ಜೋರಾಗಿರುತ್ತೆ, ಖರ್ಚು ಕಡಿಮೆ ಇರುತ್ತೆ, ಧಾಟಿ ನಗುಮುಖದ್ದು. ಆಮೇಲೆ ಒಂದೊಂದು ಭಾಷೆಯಲ್ಲಿ ಬೇರೆಬೇರೆಯಾಗಿ ಹುಡುಕಬೇಕು. ಕನ್ನಡಕ್ಕೆ ‘ಮನೆ ಬೆಳಗಲಿ, ದುಡ್ಡೂ ಉಳೀಲಿ!’ ಅನ್ನಬಹುದು. ಶ್ಲೇಷೆ ಇಲ್ಲ, ಆದ್ರೆ ‘ಬೆಳಗಲಿ–ಉಳೀಲಿ’ ಲಯ ಇದೆ, ಹಿರಿಯರ ಹಾರೈಕೆಯ ದನಿ ಇದೆ. ಹಿಂದಿಗೆ ‘ಘರ್ ಸಜಾಓ, ಪೈಸೇ ಬಚಾಓ’. ಅಲ್ಲಿ ಪ್ರಾಸ ಸಲೀಸಾಗಿ ಕೂರುತ್ತೆ, ದಿವಾಲಿಗೆ ಮನೆ ಸಿಂಗರಿಸೋ ಸಂಭ್ರಮವೂ ಬರುತ್ತೆ. ಇಂಗ್ಲಿಷ್‌ನ ಶ್ಲೇಷೆ ಇಂಗ್ಲಿಷ್‌ಗೇ ಇರಲಿ. ಮೂರೂ ಸಾಲು ಒಂದಕ್ಕೊಂದು ಅನುವಾದ ಅಲ್ಲ, ಆದ್ರೆ ಮೂರರ ಕೆಲಸ ಒಂದೇ.

‘ದೀಪಾವಳಿ ಮಾಡಿ, ದಿವಾಳಿ ಆಗ್ಬೇಡಿ’ ಅಂದ್ರೆ ಇನ್ನೂ ಮಜಾ ಅಲ್ವಾ? ಸ್ನೇಹಿತರ ನಡುವೆ ಹೌದು. ಬ್ಯಾನರ್‌ಗೆ ಬೇಡ. ಸ್ಕ್ರೋಲ್ ಮಾಡುವ ಕಣ್ಣು ‘ಬೇಡಿ’ವರೆಗೆ ಹೋಗದೆ ‘ದಿವಾಳಿ’ಯಲ್ಲೇ ನಿಲ್ಲಬಹುದು. ಹಬ್ಬದ ದಿನ ಅಂಥ ಮಾತು ಬೇಡ ಅನ್ನೋ ಅಜ್ಜಿ, ಅಮ್ಮ ಪ್ರತಿ ಮನೆಯಲ್ಲೂ ಇದ್ದಾರೆ.

ಕೆಲವು ಸಲ ಪದದ ಜೊತೆ ಸಂದರ್ಭವನ್ನೂ ಬದಲಾಯಿಸಬೇಕಾಗುತ್ತೆ. ಹಿಂದಿಯವರಿಗೆ ‘ಧನ್‌ತೇರಸ್ ಆಫರ್’ ಅಂದ ಕೂಡ್ಲೇ ಚಿನ್ನ, ಪಾತ್ರೆ ನೆನಪಾಗುತ್ತೆ. ಅದನ್ನು ‘ಧನತ್ರಯೋದಶಿ’ ಅಂತ ಬರೆದರೆ ತಪ್ಪಲ್ಲ, ಆದ್ರೆ ನಮ್ಮ ಎಷ್ಟೋ ಮನೆಗಳಲ್ಲಿ ಆ ಸಂಜೆ ನೀರು ತುಂಬೋ ಹಬ್ಬ. ಹಂಡೆ ತೊಳೆದು ನೀರು ತುಂಬಿಟ್ಟು, ಮರುದಿನ ನಸುಕಿಗೆ ಎಣ್ಣೆ ಸ್ನಾನ. ಹಾಗಾದ್ರೆ ಕನ್ನಡದ ಬ್ಯಾನರ್‌ನಲ್ಲಿ ಗೀಸರ್ ಮುಂದೆ ಬರಲಿ: ‘ಎಣ್ಣೆ ಸ್ನಾನಕ್ಕೆ ಬಿಸಿನೀರು ರೆಡಿ!’

ಈ ಸ್ವಾತಂತ್ರ್ಯಕ್ಕೂ ಒಂದು ಗಡಿ ಇದೆ. ಟ್ಯಾಗ್‌ಲೈನ್ ಕೆಳಗಿನ ಷರತ್ತಿನ ಸಾಲನ್ನು ನೇರವಾಗಿಯೇ ಅನುವಾದ ಮಾಡಬೇಕು. ‘60% ವರೆಗೆ ರಿಯಾಯಿತಿ’ಯಲ್ಲಿ ಲಯಕ್ಕೋಸ್ಕರ ‘ವರೆಗೆ’ ಬಿಟ್ಟರೆ ಅದು ಸುಳ್ಳು ಭರವಸೆ. ಕೊನೆಯ ದಿನಾಂಕ, ಬ್ಯಾಂಕ್ ಕಾರ್ಡ್ ಷರತ್ತು ಕೂಡ ಮೂರೂ ಭಾಷೆಯಲ್ಲಿ ಒಂದೇ ಇರಬೇಕು.

ಇನ್ನು ನಮ್ಮ ಇಂಜಿನಿಯರ್‌ಗಳ ಪಾಲು. ‘ದೀಪಾವಳಿ’ ಕಣ್ಣಿಗೆ ನಾಲ್ಕೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಏಳು. ಇಷ್ಟು ಅಕ್ಷರಕ್ಕೆ ಕತ್ತರಿಸು ಅಂತ ಕೋಡ್ ಬರೆದರೆ ಗುಣಿತದ ಗುರುತು ಬಿದ್ದುಹೋಗಿ ‘ಳಿ’ ಬರೀ ‘ಳ’ ಆಗಬಹುದು. ಇಂಗ್ಲಿಷ್‌ಗೆ ಅಂತ ಇಟ್ಟ ಸಾಲಿನ ಎತ್ತರದಲ್ಲಿ ಒತ್ತಕ್ಷರದ ಕಾಲು ಕತ್ತರಿಸಬಹುದು. ಸಾಲು ಎಷ್ಟೇ ಚೆನ್ನಾಗಿದ್ರೂ ಅದನ್ನ ಅಸಲಿ ಫೋನ್‌ನಲ್ಲೇ ನೋಡಿ.

ಕೊನೆಯ ಪರೀಕ್ಷೆ ಸುಲಭ. ಇಂಗ್ಲಿಷ್ ಸಾಲು ತೋರಿಸದೆ, ಬರೀ ಕನ್ನಡದ ಸಾಲನ್ನ ಊರಿನ ಒಬ್ಬರಿಗೆ ಓದಿ ಹೇಳಿ, “ಏನು ಮಾರ್ತಿದಾರೆ ಅನ್ಸುತ್ತೆ?” ಅಂತ ಕೇಳಿ. “ಇದನ್ನ ಇಂಗ್ಲಿಷ್‌ನಲ್ಲಿ ಏನಂತಾರೆ?” ಅನ್ನೋ ಮರುಪ್ರಶ್ನೆ ಬಂದ್ರೆ, ಸಾಲನ್ನ ಇನ್ನೊಮ್ಮೆ ಬರೀರಿ.