ಕೊನೆಯ ಹತ್ತು ಮಿಲಿಗ್ರಾಂ

ಹೋದ ವರ್ಷ ದೀಪಾವಳಿಯ ಮರುವಾರ ಅವ್ವ ನನ್ನ ಹೆಂಡತಿಯ ಮುಂದೆ ಬಾಚಣಿಗೆ ಹಿಡಿದು ಕುಳಿತಿದ್ದಳು. ಎಪ್ಪತ್ತೊಂದು ವರ್ಷದ ಅವ್ವ ಅಲ್ಲಿಯವರೆಗೆ ತನ್ನ ತುರುಬನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ. "ಕೈ ಮ್ಯಾಲ ಎತ್ತಾಕ ಬರವಲ್ದು. ಯಾರೋ ಹೆಗಲಿಗೆ ಹಗ್ಗ ಬಿಗದಂಗ ಆಗೇತಿ" ಅಂದಳು. ಹಾಸಿಗೆಯಲ್ಲಿ ಮಗ್ಗಲು ಬದಲಿಸಲೂ ಕಷ್ಟವಾಗುತ್ತಿತ್ತು. ಬೆಳಿಗ್ಗೆ ಏಳಬೇಕೆಂದರೆ ಮೊದಲು ಮಂಚದ ಅಂಚಿಗೆ ಉರುಳಿ, ಆಮೇಲೆ ನನ್ನ ಕೈ ಹಿಡಿದು ಏಳಬೇಕಿತ್ತು. ಹತ್ತೂವರೆ ಹನ್ನೊಂದಾದರೆ ಬಿಗಿತ ತಾನಾಗಿಯೇ ಸಡಿಲವಾಗುತ್ತಿತ್ತು. ಸಂಜೆ ಸೊಸೈಟಿಯ ಬಾಗಿಲವರೆಗೆ ನಡೆದು ಬರುತ್ತಿದ್ದಳು. ಹಾಗಾಗಿ ಆಫೀಸಿನಿಂದ ಏಳು ಗಂಟೆಗೆ ಬರುವ ನನಗೆ ಕಾಣುತ್ತಿದ್ದದ್ದು ಆರಾಮಾಗಿರುವ ಅವ್ವ.

ಮೊದಲು ತೋರಿಸಿದ್ದು ಮೂಳೆ ಡಾಕ್ಟರಿಗೆ. ಎಕ್ಸ್‌ರೇ ನೋಡಿ ಸವೆತ ಅಂದರು, ನೋವಿನ ಮಾತ್ರೆ ಕೊಟ್ಟರು, ಫಿಸಿಯೋಥೆರಪಿ ಬರೆದರು. ಎಪ್ಪತ್ತು ದಾಟಿದ ಯಾರ ಎಕ್ಸ್‌ರೇಯಲ್ಲೂ ಸವೆತ ಸಿಕ್ಕೇ ಸಿಗುತ್ತದೆ. ಅದೇ ನೋವಿಗೆ ಕಾರಣ ಎಂದು ಹೇಳಲಾಗುವುದಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಇನ್ನೊಬ್ಬರು ಕೊಲೆಸ್ಟರಾಲಿನ ಮಾತ್ರೆಯಿಂದ ಸ್ನಾಯು ನೋವು ಬಂದಿರಬಹುದು ಅಂದರು. ಅದನ್ನು ಮೂರು ವಾರ ನಿಲ್ಲಿಸಿ ನೋಡಿದರೂ ಏನೂ ಬದಲಾಗಲಿಲ್ಲ. ಹೀಗೆ ಎರಡು ತಿಂಗಳು ಹೋದವು, ಅವ್ವನ ತೂಕ ಮೂರು ಕಿಲೋ ಇಳಿಯಿತು.

ಜನವರಿಯಲ್ಲಿ ರುಮಟಾಲಜಿಸ್ಟ್ ಹತ್ತಿರ ಹೋದೆವು. ಆ ಮೇಡಂ ಕೈ ಮುಟ್ಟಿ ನೋಡುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಮರಾಠಿಯಲ್ಲಿ ಅವರು ಕೇಳುವುದು, ನಾನು ಕನ್ನಡದಲ್ಲಿ ಅವ್ವನಿಗೆ ಹೇಳುವುದು. ಬಿಗಿತ ಎರಡೂ ಕಡೆ ಒಂದೇ ಸಮ ಇದೆಯೇ? ಬೆಳಿಗ್ಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಇರುತ್ತದೆಯೇ? ಹೆಗಲು ಮಾತ್ರವೋ, ಸೊಂಟದ ಕೀಲು, ತೊಡೆಯೂ ಇದೆಯೋ? ಬೆರಳಿನ ಗಂಟುಗಳು ಊದಿವೆಯೇ? ಶುರುವಾದದ್ದು ವರ್ಷಗಟ್ಟಲೆ ನಿಧಾನವಾಗಿಯೋ, ಹದಿನೈದು ದಿನದಲ್ಲೋ? ಅವ್ವನದು ಹದಿನೈದು ದಿನದ್ದು. ಸವೆತ ಹಾಗೆ ಬರುವುದಿಲ್ಲ.

ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ 78, ಸಿಆರ್‌ಪಿ 46 ಬಂತು. ಹೆಂಗಸರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಬರುವ ಅಂಕಿಯವರೆಗೆ ಇಎಸ್‌ಆರ್ ಇರಬಹುದು ಅಂತ ಒಂದು ಲೆಕ್ಕವಿದೆ. ಅವ್ವನಿಗೆ ಅದು ಸುಮಾರು 40, ಇದು ಅದರ ಎರಡರಷ್ಟು. ಆದರೆ ಇಎಸ್‌ಆರ್ ಏರಿದ್ದರಿಂದ ಯಾವ ಕಾಯಿಲೆಯೂ ಖಾತ್ರಿಯಾಗುವುದಿಲ್ಲ. ಆದ್ದರಿಂದ ಸ್ನಾಯು ಹಾಳಾಗಿದ್ದರೆ ಏರುವ ಸಿಪಿಕೆ, ಥೈರಾಯ್ಡ್, ಸಂಧಿವಾತದ ಪರೀಕ್ಷೆಗಳು, ಮಯಲೋಮಾ ಎಂಬ ರಕ್ತದ ಕ್ಯಾನ್ಸರ್ ಇಲ್ಲವೆಂದು ನೋಡಲು ಪ್ರೋಟೀನ್ ಪರೀಕ್ಷೆ, ಟಿಬಿಗಾಗಿ ಎದೆಯ ಎಕ್ಸ್‌ರೇ ಎಲ್ಲವನ್ನೂ ಮಾಡಿಸಿದರು. ಎಲ್ಲ ಸರಿಯಾಗಿಯೇ ಬಂದವು. ಆಮೇಲೆ ಮೇಡಂ ಹೆಸರು ಹೇಳಿದರು: ಪಾಲಿಮಯಾಲ್ಜಿಯಾ ರುಮಾಟಿಕಾ.

ಹೆಸರಿನ ಅರ್ಥ ಅನೇಕ ಸ್ನಾಯುಗಳ ನೋವು ಅಂತ, ಆದರೆ ಸ್ನಾಯುವಿಗೆ ಏನೂ ಆಗಿರುವುದಿಲ್ಲ. ಹೆಗಲು ಮತ್ತು ಸೊಂಟದ ಕೀಲುಗಳ ಸುತ್ತ, ಉಜ್ಜಾಟ ತಪ್ಪಿಸಲು ದ್ರವ ತುಂಬಿದ ತೆಳು ಚೀಲಗಳಿರುತ್ತವೆ. ಉರಿಯೂತ ಇರುವುದು ಅಲ್ಲಿ ಮತ್ತು ಕೀಲಿನ ಒಳಪೊರೆಯಲ್ಲಿ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳು ಬೆಳಗಿನ ಜಾವ ಏರುವುದರಿಂದ ಬಿಗಿತವೂ ಆಗಲೇ ಹೆಚ್ಚು. ಐವತ್ತರೊಳಗಿನವರಿಗೆ ಇದು ಬರುವುದಿಲ್ಲವೆಂದೇ ಹೇಳಬಹುದು, ಎಪ್ಪತ್ತರ ಆಸುಪಾಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಉತ್ತರ ಯುರೋಪಿನಲ್ಲಿ ಸಾಮಾನ್ಯ, ನಮ್ಮಲ್ಲಿ ಕಡಿಮೆ. ಮೊದಲ ಇಬ್ಬರು ಡಾಕ್ಟರರ ತಲೆಗೆ ಬಾರದೇ ಇದ್ದದ್ದಕ್ಕೆ ಇದೂ ಕಾರಣವಿರಬಹುದು, ನಾನು ಅವರನ್ನು ಬೈಯುವುದನ್ನು ಬಿಟ್ಟಿದ್ದೇನೆ.

ಮೇಡಂ ಕೊನೆಗೆ ಕೇಳಿದ ಪ್ರಶ್ನೆ ವಿಚಿತ್ರವೆನಿಸಿತು: ಊಟ ಮಾಡುವಾಗ ದವಡೆ ನೋಯುತ್ತದೆಯೇ? ಅವ್ವನಿಗೆ ನಾನು "ಕಟಕ ರೊಟ್ಟಿ ಅಗಿವಾಗ ದವಡಿ ದಣದು ನಡುವ ನಿಲ್ಲಸ್ತೀ ಏನು?" ಅಂತ ಕೇಳಿದೆ. ಇಲ್ಲ ಅಂದಳು. ಕಣತಲೆಯ ಹತ್ತಿರ ತಲೆನೋವು, ಬಾಚುವಾಗ ನೆತ್ತಿ ನೋವು, ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು ಯಾವುದೂ ಇರಲಿಲ್ಲ. ಈ ಕಾಯಿಲೆಯ ಜೊತೆ ಕೆಲವರಿಗೆ ಕಪಾಲದ ರಕ್ತನಾಳಗಳ ಉರಿಯೂತವೂ ಬರುತ್ತದೆ, ಜೈಂಟ್ ಸೆಲ್ ಆರ್ಟರೈಟಿಸ್ ಅಂತ. ಅದರಲ್ಲಿ ಕಣ್ಣಿಗೆ ರಕ್ತ ನಿಂತು ದೃಷ್ಟಿ ಹೋದರೆ ಮರಳಿ ಬರುವುದು ಅಪರೂಪ. ಆ ಲಕ್ಷಣ ಕಂಡರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕು, ಆಗ ಸ್ಟೆರಾಯ್ಡ್ ಪ್ರಮಾಣವೇ ಬೇರೆ, 40ರಿಂದ 60 ಮಿಲಿಗ್ರಾಂ ಅಂದರು. ಅವ್ವನಿಗೆ ಬರೆದದ್ದು ಪ್ರೆಡ್ನಿಸೋಲೋನ್ 15 ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯ ನಂತರ.

ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಅವ್ವ ಅಡುಗೆಮನೆಯಲ್ಲಿ ನಿಂತು ಚಹಾ ಸೋಸುತ್ತಿದ್ದಳು, ತುರುಬು ತಾನೇ ಕಟ್ಟಿದ್ದಳು. ಒಂದು ವಾರದಲ್ಲಿ ಹೀಗೆ ಬಹುಪಾಲು ಇಳಿಯದಿದ್ದರೆ ಕಾಯಿಲೆ ಬೇರೆಯದೇನೋ ಎಂದು ಮತ್ತೆ ಹುಡುಕಬೇಕಾಗುತ್ತದಂತೆ. ಹಾಗೆಂದು ಗುಣ ಕಂಡ ಮಾತ್ರಕ್ಕೆ ಇದೇ ಕಾಯಿಲೆ ಎಂದೂ ಅಲ್ಲ, ಸ್ಟೆರಾಯ್ಡ್ ಬೇರೆ ಅನೇಕ ನೋವುಗಳನ್ನೂ ತಗ್ಗಿಸುತ್ತದೆ. ಪರೀಕ್ಷೆಗಳನ್ನೆಲ್ಲ ಮಾತ್ರೆಗೆ ಮೊದಲೇ ಮಾಡಿಸಿದ್ದು ಅದಕ್ಕೆ.

ಆದರೆ ಚೀಟಿ ನೋಡಿ ನನಗೆ ತಲೆ ಕೆಟ್ಟಿತು. 15 ಮಿಲಿಗ್ರಾಂ ಮೂರು ವಾರ, 12.5 ಮೂರು ವಾರ, 10 ಐದು ವಾರ. ಅಲ್ಲಿಂದ ಮುಂದೆ ತಿಂಗಳಿಗೆ ಒಂದು ಮಿಲಿಗ್ರಾಂ ಆಸುಪಾಸು. ಮೊದಲ ಐದು ಮಿಲಿಗ್ರಾಂ ಇಳಿಸಲು ಒಂದೂವರೆ ತಿಂಗಳು, ಉಳಿದ ಹತ್ತಕ್ಕೆ ಒಂದು ವರ್ಷ! ಮೂರೇ ದಿನದಲ್ಲಿ ಗುಣವಾದದ್ದಕ್ಕೆ ಇಷ್ಟೊಂದು ಎಳೆತ ಯಾಕೆ ಅಂತ ಕೇಳಿದೆ.

ಮೇಡಂ ಎರಡು ಕಾರಣ ಹೇಳಿದರು. ಒಂದು, ಮಾತ್ರೆ ಕಾಯಿಲೆಯನ್ನು ಕಿತ್ತು ಹಾಕುವುದಿಲ್ಲ, ಉರಿಯೂತವನ್ನು ಅದುಮಿ ಹಿಡಿಯುತ್ತದೆ. ಕಾಯಿಲೆ ತನ್ನಷ್ಟಕ್ಕೆ ತಣಿಯಲು ಒಂದೆರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಎರಡನೆಯದು ನಮ್ಮ ಅಡ್ರಿನಲ್ ಗ್ರಂಥಿ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತ ಆ ಗ್ರಂಥಿ ದಿನವೂ ಕಾರ್ಟಿಸಾಲ್ ತಯಾರಿಸುತ್ತದೆ, ಬೆಳಗಿನ ಹೊತ್ತು ಹೆಚ್ಚು. ಅದು ಒಂದು ದಿನಕ್ಕೆ ಮಾಡುವುದು ಪ್ರೆಡ್ನಿಸೋಲೋನಿನ ಲೆಕ್ಕದಲ್ಲಿ ಸುಮಾರು ಐದು ಮಿಲಿಗ್ರಾಂ. ಹೊರಗಿನಿಂದ ಅದಕ್ಕಿಂತ ಹೆಚ್ಚು ವಾರಗಟ್ಟಲೆ ಬರುತ್ತಿದ್ದರೆ ಗ್ರಂಥಿ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. 15ರಿಂದ 10ಕ್ಕೆ ಇಳಿಸಿದರೂ ಹೊರಗಿನ ಪೂರೈಕೆ ಸಾಕಾಗುವಷ್ಟಿರುತ್ತದೆ. ಐದರ ಹತ್ತಿರ ಬಂದಾಗ ಕೊರತೆ ಬೀಳುತ್ತದೆ, ಆ ಕೊರತೆಯನ್ನು ಗ್ರಂಥಿ ಎದ್ದು ತುಂಬಬೇಕು. ತಿಂಗಳುಗಟ್ಟಲೆ ಮಲಗಿದ್ದು ಒಂದೇ ದಿನದಲ್ಲಿ ಏಳುವುದಿಲ್ಲ.

ಇದನ್ನು ನಾನು ಅರ್ಥ ಮಾಡಿಕೊಂಡೆ, ಅವ್ವನಿಗೆ ಸರಿಯಾಗಿ ಹೇಳಲಿಲ್ಲ. ಅದು ನನ್ನ ತಪ್ಪು.

ಮೇ ತಿಂಗಳಲ್ಲಿ ಧಾರವಾಡದಲ್ಲಿ ಮದುವೆ ಇತ್ತು. ಅವ್ವ ಹದಿನೈದು ದಿನ ಮೊದಲೇ ತಮ್ಮನ ಮನೆಗೆ ಹೋದಳು. ಆಗ ಪ್ರಮಾಣ 7.5ಕ್ಕೆ ಬಂದಿತ್ತು. ಮಾತ್ರೆಯ ಹೆಸರು ಕೇಳಿದ ಮಾಮಾ, "ಸ್ಟೆರಾಯ್ಡ್ ಅಂದ್ರ ವಿಷ ಅಕ್ಕಾ, ಆರಾಮ ಆದ ಮ್ಯಾಲ ಯಾಕ ನುಂಗ್ತಿ?" ಅಂದರು. ಅವ್ವನೂ ಮುಖ ಉಬ್ಬಿದೆ ಅಂತ ಮೊದಲೇ ಬೇಸತ್ತಿದ್ದಳು. ಬಿಟ್ಟಳು. ಮೂರನೆಯ ದಿನ ಹೆಗಲು ಹಿಡಿಯಿತು. ಐದನೆಯ ದಿನ ವಾಂತಿ, ಎದ್ದು ನಿಂತರೆ ತಲೆಸುತ್ತು, ಮಾತಾಡಲೂ ತ್ರಾಣವಿಲ್ಲ. ಮದುವೆ ಊಟ ಜಡವಾಗಿದೆ ಅಂದುಕೊಂಡು ಓಮಿನ ಕಷಾಯ ಕೊಟ್ಟಿದ್ದರಂತೆ. ನನಗೆ ಫೋನ್ ಬಂದಾಗ ಮಾತ್ರೆಯ ಬಗ್ಗೆ ಕೇಳಿದೆ, "ಅದನ್ನ ಬಿಟ್ಟಾಳ" ಅಂದರು. ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಬಿಪಿ 90/60 ಇತ್ತು. ನಾಲ್ಕು ತಿಂಗಳಿಂದ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದಳು, ಐದು ದಿನದಿಂದ ಇಲ್ಲ ಎಂಬ ಒಂದೇ ಮಾತು ಅಲ್ಲಿನ ಡಾಕ್ಟರಿಗೆ ಸಾಕಾಯಿತು. ಸಲೈನ್ ಜೊತೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಮರುದಿನ ಅವ್ವ ಕುಳಿತು ಗಂಜಿ ಕುಡಿದಳು.

ಆ ವಾರ ಅವ್ವನಿಗೆ ಎರಡು ಬೇರೆ ಬೇರೆ ಸಂಗತಿಗಳು ಒಟ್ಟಿಗೆ ಆಗಿದ್ದವು. ಹೆಗಲು, ತೊಡೆ ಬೆಳಿಗ್ಗೆ ಬಿಗಿದದ್ದು ಕಾಯಿಲೆ ಮರಳಿದ್ದು. ಸಿಆರ್‌ಪಿ ಮತ್ತೆ ಏರಿತ್ತು. ವಾಂತಿ, ತಲೆಸುತ್ತು, ಬಿಪಿ ಇಳಿದದ್ದು ಗ್ರಂಥಿಯ ಕೊರತೆ, ಜೀವಕ್ಕೆ ಅಪಾಯ ಅದರಿಂದ. ಪುಣೆಗೆ ಬಂದ ಮೇಲೆ ಮೇಡಂ ಬೈಯಲಿಲ್ಲ. ಪ್ರಮಾಣವನ್ನು ಮತ್ತೆ 10ಕ್ಕೆ ಏರಿಸಿ ಎರಡು ತಿಂಗಳಲ್ಲಿ 7.5ಕ್ಕೆ ತಂದರು. ಅಲ್ಲಿಂದ ಕೆಳಗೆ ಒಂದೂಕಾಲು ಮಿಲಿಗ್ರಾಮಿನ ಹೆಜ್ಜೆ. ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ಮಿಲಿಗ್ರಾಮಿನ ಮಾತ್ರೆ ಸಿಗದ ಕಾರಣ ಎರಡೂವರೆಯದನ್ನು ಅರ್ಧ ಮಾಡುತ್ತೇವೆ. ಪ್ರತಿ ಸಲ ಇಳಿಸಿದಾಗ ಮೂರ್ನಾಲ್ಕು ದಿನ ಮೈಕೈ ಸ್ವಲ್ಪ ನೋಯುವುದುಂಟು, ಅದಕ್ಕೆ ಹೆದರಿ ಏರಿಸಬಾರದು. ಬಿಗಿತ ಗಂಟೆಗಟ್ಟಲೆ ನಿಂತರೆ ಫೋನ್ ಮಾಡಬೇಕು. ಹಲವು ಸಲ ಮರುಕಳಿಸುವವರಿಗೆ ಮೆಥೋಟ್ರೆಕ್ಸೇಟ್ ಸೇರಿಸಿ ಸ್ಟೆರಾಯ್ಡ್ ತಗ್ಗಿಸುತ್ತಾರಂತೆ, ಅವ್ವನಿಗೆ ಬೇಕಾಗಿಲ್ಲ.

ಮಾಮಾ ಹೇಳಿದ್ದು ಪೂರ್ತಿ ಸುಳ್ಳಲ್ಲ ಅನ್ನುವುದನ್ನೂ ಹೇಳಬೇಕು. ಸ್ಟೆರಾಯ್ಡ್ ಮೂಳೆ ತಿನ್ನುತ್ತದೆ. ಅದಕ್ಕಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ, ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೇ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಸಕ್ಕರೆಯ ವಿಷಯದಲ್ಲಿ ನಾನು ಮೋಸ ಹೋಗಿದ್ದೆ. ಬೆಳಗಿನ ಖಾಲಿಹೊಟ್ಟೆ ಸಕ್ಕರೆ 102 ಇತ್ತು, ಸರಿಯಾಗಿದೆ ಅಂದುಕೊಂಡಿದ್ದೆ. ಮಧ್ಯಾಹ್ನ ಊಟದ ಎರಡು ಗಂಟೆಯ ನಂತರ ನೋಡಿದರೆ 236! ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರಭಾವ ಸಕ್ಕರೆಯ ಮೇಲೆ ಕಾಣುವುದು ಮಧ್ಯಾಹ್ನದಿಂದ ಸಂಜೆಯವರೆಗೆ, ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರು ಬೆಳಿಗ್ಗೆ ಮಾತ್ರ ಚುಚ್ಚಿ ನೋಡಿದರೆ ಇದು ಸಿಗುವುದೇ ಇಲ್ಲ.

ಈಗ ಅವ್ವನ ಪರ್ಸಿನಲ್ಲಿ ಒಂದು ಚೀಟಿ ಇದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದಿದ್ದೇನೆ: ಯಾವಾಗಿನಿಂದ ಸ್ಟೆರಾಯ್ಡ್ ನಡೆದಿದೆ, ಎಷ್ಟು, ಹಠಾತ್ತನೆ ನಿಲ್ಲಿಸಬಾರದು, ಜ್ವರ ಬಂದರೆ ಡಾಕ್ಟರನ್ನು ಕೇಳಿ ಹೆಚ್ಚಿಸಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು. ಇದೇ ಚೀಟಿಯ ಫೋಟೋ ಮಾಮಾನ ಫೋನಿನಲ್ಲೂ ಇದೆ. ಈಗ ದಿನಾ ಸಂಜೆ "ಗುಳಗಿ ತಗೊಂಡಿ ಏನ ಅಕ್ಕಾ?" ಅಂತ ಕೇಳುವವರು ಅವರೇ.

ಈ ತಿಂಗಳು 3.75ರಲ್ಲಿದ್ದೇವೆ. ಇಎಸ್‌ಆರ್ 24. ಮುಂದಿನ ತಿಂಗಳು ಬೆಳಿಗ್ಗೆ ಎಂಟಕ್ಕೆ, ಆ ದಿನದ ಮಾತ್ರೆ ನುಂಗುವ ಮೊದಲು, ರಕ್ತ ಕೊಟ್ಟು ಕಾರ್ಟಿಸಾಲ್ ನೋಡಬೇಕು. ಗ್ರಂಥಿ ಎದ್ದಿದೆಯೋ ಇನ್ನೂ ಮಲಗಿದೆಯೋ ಆಗ ತಿಳಿಯುತ್ತದೆ. "ಎದ್ದಿರಲಿಲ್ಲಂದ್ರ?" ಅಂತ ಅವ್ವ ಕೇಳಿದಳು. ಇನ್ನಷ್ಟು ತಿಂಗಳು ಇದೇ ಪ್ರಮಾಣ ಅಂದೆ. "ಹಂಗಾದ್ರ ಮುಂದಿನ ಮದುವಿಗೂ ಡಬ್ಬಿ ತಗೊಂಡ ಹೋಗತೇನಿ ಬಿಡು" ಅಂದು ಮತ್ತೊಂದು ಪಿನ್ನು ಚುಚ್ಚಿ ತುರುಬು ಬಿಗಿದಳು.