ಮೊದಲ ಹಣ ಬಂತೆಂದು ನಂಬಬೇಡಿ

ಚಿತ್ರದಲ್ಲಿ ವಾಹನ ಎಲ್ಲಿದೆ ಎಂದು ಗುರುತು ಹಾಕುವುದು, ಕನ್ನಡ ವಾಕ್ಯ ಓದಿ ಧ್ವನಿ ಮುದ್ರಿಸುವುದು, ಕೇಳಿದ ಮಾತನ್ನು ಬರೆದುಕೊಡುವುದು. ಯಂತ್ರಗಳಿಗೆ ನೋಟ ಮತ್ತು ಭಾಷೆ ಕಲಿಸಲು ಬೇಕಾದ ಇಂಥ ಬಿಡಿ ಕೆಲಸಗಳನ್ನು ಇಂದು ನಮ್ಮ ಪ್ರಸಾದ ನಿಲಯಗಳ ಹುಡುಗರೂ ಮನೆಯಲ್ಲಿರುವ ತಾಯಂದಿರೂ ಮೊಬೈಲಿನಲ್ಲೇ ಮಾಡಬಹುದು. ಇದನ್ನು ಕಾಯಕವೆಂದು ಒಪ್ಪಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮಾಡಿದ್ದಕ್ಕೆ ಕೂಲಿ ಕೈಸೇರುತ್ತದೆಯೇ ಎಂದು ಅಳೆದು ನೋಡುವುದನ್ನು ನಾವು ಕಲಿಯಬೇಕು.

"ನಿನ್ನೆ 150 ರೂಪಾಯಿ ಬಂತು, ಹಾಗಾಗಿ ಇದು ಸಾಚಾ" ಎನ್ನುವವರಿದ್ದಾರೆ. ಮೊದಲ ಹಣ ಏನನ್ನೂ ಸಾಬೀತು ಮಾಡುವುದಿಲ್ಲ. ವಂಚಕರು ಟೆಲಿಗ್ರಾಂ ಗುಂಪಿಗೆ ಸೇರಿಸಿಕೊಂಡು, ವಿಡಿಯೊ ಮೆಚ್ಚಿದ್ದಕ್ಕೆಲ್ಲ ನೂರಿನ್ನೂರು ಕೊಟ್ಟು ನಂಬಿಕೆ ಗಳಿಸುತ್ತಾರೆ. ಆಮೇಲೆ "ದೊಡ್ಡ ಕೆಲಸಕ್ಕೆ ಮೊದಲು ಠೇವಣಿ ಕಟ್ಟಿ" ಎನ್ನುತ್ತಾರೆ. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳಿದ ಕ್ಷಣವೇ ಅದು ಮೋಸ. ಅಲ್ಲಿಗೇ ನಿಲ್ಲಿಸಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮೋಸವಲ್ಲದಿದ್ದರೂ ಕೂಲಿ ಸಿಗದ ಕೆಲಸಗಳಿವೆ. ಒಂದು ಲೆಕ್ಕ ನೋಡೋಣ. ಚಿತ್ರವೊಂದಕ್ಕೆ 1 ರೂಪಾಯಿ, ಒಂದಕ್ಕೆ ಎರಡು ನಿಮಿಷ ಎಂದುಕೊಳ್ಳಿ. ಗಂಟೆಗೆ 30 ರೂಪಾಯಿ. ನೂರರಲ್ಲಿ ಇಪ್ಪತ್ತನ್ನು "ಸರಿಯಿಲ್ಲ" ಎಂದು ತಳ್ಳಿಹಾಕಿದರೆ ಉಳಿಯುವುದು 24. ಖಾತೆಯಲ್ಲಿ 500 ಕೂಡುವವರೆಗೆ ಹಣ ತೆಗೆಯುವಂತಿಲ್ಲ ಎಂಬ ನಿಯಮವಿದ್ದರೆ, ಸುಮಾರು 21 ಗಂಟೆ ದುಡಿದ ಮೇಲಷ್ಟೇ ಮೊದಲ ಕಾಸು ಕಾಣುವುದು. ಅಷ್ಟರೊಳಗೆ ಕೆಲಸ ಬರುವುದು ನಿಂತರೆ ಆ ದುಡಿಮೆ ನೀರಿಗೆ ಹೋಮ.

ಹೆಸರಾಂತ ವೇದಿಕೆಯಲ್ಲೂ ಈ ಅಪಾಯವಿದೆ. 2005ರಲ್ಲಿ ಆರಂಭವಾದ ಅಮೆಜಾನಿನ ಮೆಕ್ಯಾನಿಕಲ್ ಟರ್ಕ್‌ನಲ್ಲಿ ಕೆಲಸ ಕೊಟ್ಟವರು ತಿರಸ್ಕರಿಸಿದರೆ ಕೂಲಿಯಿಲ್ಲ. ಆದ್ದರಿಂದ ಸೇರುವ ಮುನ್ನ ಮೂರು ಪ್ರಶ್ನೆ ಕೇಳಿ. ತಿರಸ್ಕರಿಸಿದರೆ ಕಾರಣ ಹೇಳುತ್ತಾರೆಯೇ? ಎಷ್ಟು ದಿನದೊಳಗೆ ತೀರ್ಮಾನಿಸುತ್ತಾರೆ? ಕನಿಷ್ಠ ಎಷ್ಟು ಕೂಡಿದರೆ ಹಣ ತೆಗೆಯಬಹುದು? ಉತ್ತರ ಬರಹದಲ್ಲಿ ಇಲ್ಲದಿದ್ದರೆ ದೂರವಿರಿ. ಇದ್ದರೂ, ಮೊದಲು ಆ ಕನಿಷ್ಠ ಮೊತ್ತಕ್ಕೆ ಬೇಕಾದಷ್ಟೇ ಕೆಲಸ ಮಾಡಿ, ಹಣ ಬ್ಯಾಂಕಿಗೆ ಬಂದ ಮೇಲೆ ಮುಂದುವರಿಯಿರಿ. ಆ್ಯಪ್‌ನಲ್ಲಿ ಕಾಣುವ ಅಂಕಿ ಹಣವಲ್ಲ.

ನ್ಯಾಯವಾದ ಕೂಲಿ ಕೊಡಲು ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ 'ಕಾರ್ಯ' ಸಂಸ್ಥೆ ನಮ್ಮ ಹಳ್ಳಿಗರಿಂದ ಕನ್ನಡ ಧ್ವನಿ ಸಂಗ್ರಹಿಸಿದಾಗ ಗಂಟೆಗೆ ಸುಮಾರು 5 ಡಾಲರ್, ಎಂದರೆ 400 ರೂಪಾಯಿಯಷ್ಟು ಕೊಟ್ಟಿತು.

ಪ್ರಸಾದ ನಿಲಯಗಳಲ್ಲಿ ಒಂದು ಪುಸ್ತಕವಿಡೋಣ. ದುಡಿದ ಗಂಟೆ, ಕಳಿಸಿದ ಕೆಲಸ, ಒಪ್ಪಿಗೆಯಾದದ್ದು, ಬ್ಯಾಂಕಿಗೆ ಬಂದದ್ದು ಎಂಬ ನಾಲ್ಕು ಕಲಂ ಸಾಕು. ಒಬ್ಬರ ಲೆಕ್ಕವನ್ನು ಹತ್ತು ಜನ ಓದಿದರೆ, ಯಾವುದು ಕೂಲಿ ಕೊಡುತ್ತದೆ, ಯಾವುದು ಬಿಟ್ಟಿ ದುಡಿಸುತ್ತದೆ ಎಂಬುದು ತಿಂಗಳೊಳಗೆ ತಿಳಿಯುತ್ತದೆ.