ಮನೆಯ ತಂತಿ ಹೇಳುವ ಸುಳ್ಳು

ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಒಂದು ಜಾಲತಾಣ ತೆರೆಯುವುದಿಲ್ಲ. ಅದೇ ಗಳಿಗೆಯಲ್ಲಿ ಮೊಬೈಲ್ ಡೇಟಾದಲ್ಲಿ ಸಲೀಸಾಗಿ ತೆರೆಯುತ್ತದೆ. ಪರದೆಯ ಮೇಲೆ `ERR_CONNECTION_RESET` ಎಂಬ ಸಾಲು. ಸೇವಾ ಕೇಂದ್ರಕ್ಕೆ ಕರೆ ಮಾಡಿದರೆ, ರೂಟರನ್ನು ಒಮ್ಮೆ ಆರಿಸಿ ಹಚ್ಚಿ ಎನ್ನುತ್ತಾರೆ. ಆಮೇಲೆ, ತಾಣದವರದೇ ದೋಷ ಎನ್ನುತ್ತಾರೆ. ‘ಹಾಟ್‌ಸ್ಪಾಟ್ ಹಚ್ಚಿಕೊಂಡರಾಯಿತು, ಇದಕ್ಕೇಕೆ ಇಷ್ಟು ರಗಳೆ’ ಎನ್ನುವವರು ನಮ್ಮ ಬಳಗದಲ್ಲಿಯೂ ಇದ್ದಾರೆ. ನನ್ನ ಜಗಳ ಮುಖ್ಯವಾಗಿ ಅವರೊಂದಿಗೆ.

ನಡೆಯುವುದೇನೆಂದು ನೋಡೋಣ. `https` ತಾಣಕ್ಕೆ ಹೋಗುವಾಗ ನಮ್ಮ ಗಣಕ ಮೊದಲು ಸಂಪರ್ಕ ಕಟ್ಟುತ್ತದೆ. ಅನಂತರ ಗೂಢಲಿಪಿಯ ಮಾತುಕತೆಗೆ ಮೊದಲ ಸಂದೇಶ ಕಳಿಸುತ್ತದೆ. ಆ ಸಂದೇಶದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಇರುತ್ತದೆ, ಅಂಚೆ ಲಕೋಟೆಯ ಮೇಲಿನ ವಿಳಾಸದಂತೆ. ಒಳಗಿನ ಪತ್ರ ಓದಲಾಗದಿದ್ದರೂ ಈ ಹೆಸರನ್ನು ನಡುದಾರಿಯ ಯಂತ್ರ ಓದಬಲ್ಲದು. ಹೆಸರು ತಡೆಪಟ್ಟಿಯಲ್ಲಿದ್ದರೆ ಅದು ‘ಸಂಪರ್ಕ ಮುರಿಯಿತು’ ಎಂಬ ಒಂದು ಪೊಟ್ಟಣವನ್ನು ಸೃಷ್ಟಿಸಿ, ತಾಣವೇ ಕಳಿಸಿತೆಂಬಂತೆ ಅದರ ವಿಳಾಸ ಹಾಕಿ ನಮಗೆ ಅಟ್ಟುತ್ತದೆ. ಬ್ರೌಸರ್ ನಂಬುತ್ತದೆ. ಇದು ಬರಿಯ ತಡೆಯಲ್ಲ, ಇನ್ನೊಬ್ಬರ ಹೆಸರಿನಲ್ಲಿ ಹಾಕಿದ ಕಳ್ಳಸಹಿ. ಕೆಲವು ಯಂತ್ರಗಳು ಸಂದೇಶವನ್ನು ಸುಮ್ಮನೆ ನುಂಗಿಬಿಡುತ್ತವೆ. ಆಗ ಕಾಣುವುದು ಟೈಮ್‌ಔಟ್.

ಇದನ್ನು ಪತ್ತೆಹಚ್ಚಲು ಎರಡು ಸಾಲು ಸಾಕು. `site.example` ಇರುವಲ್ಲಿ ತೆರೆಯದ ತಾಣದ ಹೆಸರು ಹಾಕಿ:

```
curl -v https://site.example/
curl -vk --connect-to example.com:443:site.example:443 https://example.com/
```

ಎರಡನೆಯ ಸಾಲು ಅದೇ ತಾಣದ ಬಾಗಿಲಿಗೇ ಹೋಗುತ್ತದೆ, ಆದರೆ ಬೇರೆ ಹೆಸರು ಹೇಳುತ್ತದೆ. ಮೊದಲನೆಯದರಲ್ಲಿ `Connected` ಎಂದು ಬಂದು, `Client hello` ಆದೊಡನೆ ಸಂಪರ್ಕ ಮುರಿದು, ಎರಡನೆಯದರಲ್ಲಿ ಏನಾದರೊಂದು ಉತ್ತರ (ತಪ್ಪು ಪುಟವಾದರೂ ಸರಿ) ಬಂದರೆ, ತಂತಿಗೆ ತೊಂದರೆಯಿಲ್ಲ, ತಾಣವೂ ಬದುಕಿದೆ, ತಡೆ ಹೆಸರಿನ ಮೇಲೆ ಎಂದಾಯಿತು. ಅವೇ ಎರಡು ಸಾಲುಗಳನ್ನು ಮೊಬೈಲ್ ಡೇಟಾದಲ್ಲಿ ಓಡಿಸಿ, ಎರಡಕ್ಕೂ ಉತ್ತರ ಬಂದರೆ ಅನುಮಾನ ಉಳಿಯುವುದಿಲ್ಲ. ಎರಡೂ ಮುರಿದರೆ ಮಾತ್ರ ಏನನ್ನೂ ಖಚಿತವಾಗಿ ಹೇಳಲಾಗದು: ತಾಣವೇ ನಿಮ್ಮ ವಿಳಾಸವನ್ನು ದೂರವಿಟ್ಟಿರಬಹುದು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಟೈಮ್‌ಔಟ್ ಎಲ್ಲವೂ ತಡೆಯಲ್ಲ. ಹಲವು ಮನೆಸಂಪರ್ಕಗಳಲ್ಲಿ ಪೊಟ್ಟಣದ ಮಿತಿ 1500 ಬೈಟ್ ಇರುವ ಬದಲು 1492 ಇರುತ್ತದೆ. ‘ಚಿಕ್ಕದು ಮಾಡಿ ಕಳಿಸಿ’ ಎಂಬ ಸೂಚನೆ ದಾರಿಯಲ್ಲಿ ಕಳೆದುಹೋದರೆ ದೊಡ್ಡ ಪೊಟ್ಟಣಗಳು ಬಾರದೆ ಪುಟ ತೂಗಾಡುತ್ತದೆ. ಗಣಕದ ಎಂಟಿಯು ಮಿತಿಯನ್ನು 1400ಕ್ಕೆ ಇಳಿಸಿದಾಗ ತಾಣ ತೆರೆದರೆ, ಕಾರಣ ಇದೇ. ದೂರುವ ಮೊದಲು ಇದನ್ನು ನೋಡುವುದು ಸಭ್ಯತೆ.

ಮೊಬೈಲಿನಲ್ಲಿ ಏಕೆ ತೆರೆಯುತ್ತದೆ? ಮೊಬೈಲ್ ಜಾಲ ಬೇರೆ, ಮನೆಯ ಜಾಲ ಬೇರೆ. ಆದೇಶವನ್ನು ಪ್ರತಿಯೊಂದು ಕಂಪನಿಯೂ ತನ್ನ ಯಂತ್ರದಲ್ಲಿ, ತನ್ನ ರೀತಿಯಲ್ಲಿ ಜಾರಿಗೆ ತರುತ್ತದೆ; ಹಳೆಯ ಪಟ್ಟಿಯನ್ನು ತೆಗೆಯುವುದು ಮರೆತರೆ ಕೇಳುವವರಿಲ್ಲ. 2022ರಲ್ಲಿ ವಿಎಲ್‌ಸಿ ಪ್ಲೇಯರಿನ ತಾಣ `videolan.org` ಭಾರತದ ಕೆಲವು ಜಾಲಗಳಲ್ಲಿ ತಿಂಗಳುಗಟ್ಟಲೆ ತೆರೆಯಲಿಲ್ಲ, ಕೆಲವದರಲ್ಲಿ ತೆರೆಯುತ್ತಿತ್ತು. ತಮಗೆ ಯಾವ ನೋಟಿಸೂ ಬಂದಿಲ್ಲವೆಂದು ತಾಣದವರು ಹೇಳಿದರು. ಕಾನೂನು ನೋಟಿಸು ಕಳಿಸಿದ ಮೇಲೆ, ಆ ವರ್ಷದ ನವೆಂಬರಿನಲ್ಲಿ ತಡೆ ತೆರವಾಯಿತು. 2017ರಲ್ಲಿ ಚಲನಚಿತ್ರ ನಿರ್ಮಾಪಕರ ಕೋರಿಕೆಯ ಮೇಲೆ ಮದ್ರಾಸ್ ಉಚ್ಚ ನ್ಯಾಯಾಲಯ ಕೊಟ್ಟ ಆದೇಶಗಳಿಂದ `archive.org` ಮುಚ್ಚಿತ್ತು. ಊರಿನ ಗ್ರಂಥಾಲಯದಿಂದ ದೂರ ಕುಳಿತ ನಮ್ಮಂಥವರು ಹಳೆಯ ಕನ್ನಡ ಪುಸ್ತಕಗಳಿಗಾಗಿ ತಡಕಾಡುವ ತಾಣವದು. ಎರಡು ಸಿನಿಮಾಗಳ ಕಾವಲಿಗೆ ಇಡೀ ಭಂಡಾರಕ್ಕೆ ಬೀಗ!

ಕಂಪನಿಗಳ ಸಮರ್ಥನೆಯೊಂದುಂಟು: ಗೂಢಲಿಪಿಯ ಸಂಪರ್ಕದ ನಡುವೆ ‘ತಡೆಯಲಾಗಿದೆ’ ಎಂಬ ಪುಟ ತೋರಿಸಲಾಗದು. ನಿಜ. ಆದರೆ ತಮ್ಮದೇ ತಾಣದಲ್ಲಿ ಪಟ್ಟಿ ಹಾಕಲು, ದೂರವಾಣಿಯಲ್ಲಿ ನಿಜ ಹೇಳಲು ಯಾವ ಗೂಢಲಿಪಿ ಅಡ್ಡ? ಮತ್ತೊಂದು ಸಮರ್ಥನೆ, 2009ರ ತಡೆ ನಿಯಮಗಳ 16ನೆಯ ನಿಯಮ ಗೋಪ್ಯತೆ ಕೇಳುತ್ತದೆ ಎಂಬುದು. ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಆದೇಶಗಳ ಮಾತು. ಹಕ್ಕುಸ್ವಾಮ್ಯದ ನ್ಯಾಯಾಲಯದ ಆದೇಶಗಳಿಗೆ ಆ ಮುಸುಕು ಇಲ್ಲ. 2015ರ ಶ್ರೇಯಾ ಸಿಂಘಲ್ ತೀರ್ಪು 69ಎಯನ್ನು ಎತ್ತಿಹಿಡಿದಾಗಲೂ, ಕಾರಣಗಳನ್ನು ಬರೆದಿಡಬೇಕು, ಅವನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂಬುದನ್ನು ಗಣನೆಗೆ ತೆಗೆದುಕೊಂಡಿತ್ತು. ಆದೇಶ ಇದೆಯೆಂಬುದೇ ತಿಳಿಯದವನು ಪ್ರಶ್ನಿಸುವುದೇನನ್ನು?

ಹಾಟ್‌ಸ್ಪಾಟಿನ ಮಿತ್ರರಿಗೆ ಇಷ್ಟು ಹೇಳುತ್ತೇನೆ: ಬಳಸುದಾರಿ ಹಿಡಿದ ಪ್ರತಿಯೊಬ್ಬ ಗಿರಾಕಿಯೂ ದೂರಿನ ಲೆಕ್ಕದಿಂದ ಒಂದನ್ನು ಕಳೆಯುತ್ತಾನೆ. ಮೇಲಿನ ಎರಡು ಸಾಲುಗಳ ಫಲವನ್ನು ದಿನಾಂಕ, ಗಂಟೆಯ ಸಮೇತ ಕಂಪನಿಗೆ ಬರೆದು ಕಳಿಸಿ. ‘ತೆರೆಯುತ್ತಿಲ್ಲ’ ಎಂದು ಬರೆಯಬೇಡಿ. ‘ಯಾವ ಆದೇಶದ ಮೇಲೆ ತಡೆದಿದ್ದೀರಿ’ ಎಂದು ಕೇಳಿ. ದೂರಿನ ಸಂಖ್ಯೆ ಪಡೆಯಿರಿ. ಉತ್ತರ ಬಾರದಿದ್ದರೆ ಅದೇ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ.